15 ವರ್ಷದ ಅನುಭವಕ್ಕೆ ಒಂದು ಪುಟವೋ, ಎರಡೋ?

(ಬೆಂಗಳೂರಿನಲ್ಲಿ ಕೆಲಸ ಬದಲಿಸಲು ಹೊರಟವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಎರಡು ರೆಸ್ಯೂಮ್ ತಂದರು. ಎರಡೂ ಅವರದ್ದೇ. ಒಂದು ಏಳು ಪುಟ, ಇನ್ನೊಂದು ಒಂದೇ ಪುಟ. "ಸರ್, ಇದರಲ್ಲಿ ಯಾವುದು ಕಳಿಸಲಿ?" ಅಂತ ಕೇಳಿದರು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಅವರಿಗೆ 15 ವರ್ಷದ ಅನುಭವ. ಮೊದಲ 4 ವರ್ಷ ಒಂದು ಸರ್ವೀಸ್ ಕಂಪನಿ, ಆಮೇಲೆ 5 ವರ್ಷ ಇನ್ನೊಂದು ಅಂಥದ್ದೇ ಕಂಪನಿ, ಈಗ 6 ವರ್ಷದಿಂದ ಒಂದು ಪ್ರಾಡಕ್ಟ್ ಕಂಪನಿ. ಟೆಸ್ಟಿಂಗ್ ಮ್ಯಾನೇಜರ್ ಹುದ್ದೆಯೊಂದಕ್ಕೆ ಅರ್ಜಿ ಹಾಕುವವರಿದ್ದರು. ಇವತ್ತು ನಾನು ಮುಖ್ಯವಾಗಿ ಅವರ ರೆಸ್ಯೂಮ್ ಬಗ್ಗೆಯೇ ಮಾತಾಡುತ್ತೇನೆ. ಪುಟ ಎಷ್ಟಿರಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು. ಆ ಲೆಕ್ಕ ಹೇಗೆ ಅಂತ ಅವರ ಉದಾಹರಣೆಯಲ್ಲೇ ಚೆನ್ನಾಗಿ ಕಾಣುತ್ತದೆ.

ಮೊದಲು ಆ ಏಳು ಪುಟ ಎಲ್ಲಿಂದ ಬಂತು ನೋಡೋಣ. ಇಲ್ಲಿ ಸರ್ವೀಸ್ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಈ ನಮೂನೆ ಗೊತ್ತೇ ಇದೆ. ಪ್ರಾಜೆಕ್ಟ್ 1, ಕ್ಲೈಂಟ್ ಹೆಸರು, ಅವಧಿ, ಟೀಮ್ ಸೈಜ್, ಎನ್ವಿರಾನ್‌ಮೆಂಟ್, ಪ್ರಾಜೆಕ್ಟ್ ವಿವರ, ರೋಲ್ಸ್ ಅಂಡ್ ರೆಸ್ಪಾನ್ಸಿಬಿಲಿಟೀಸ್. ಮತ್ತೆ ಪ್ರಾಜೆಕ್ಟ್ 2, ಅದೇ ಪಟ್ಟಿ. ಈ ನಮೂನೆ ಹುಟ್ಟಿದ್ದು ಕೆಲಸ ಹುಡುಕುವುದಕ್ಕಲ್ಲ. ಕಂಪನಿ ತನ್ನ ನೌಕರರನ್ನು ಕ್ಲೈಂಟ್‌ಗೆ ತೋರಿಸಿ, "ಇವರು ನಿಮ್ಮ ಪ್ರಾಜೆಕ್ಟಿಗೆ ಸರಿಹೋಗುತ್ತಾರೆ" ಅಂತ ಒಪ್ಪಿಸುವುದಕ್ಕೆ ಇದು ಬೇಕಾಗುತ್ತದೆ. ಅಲ್ಲಿ ಪ್ರತಿ ಪ್ರಾಜೆಕ್ಟಿನ ವಿವರಕ್ಕೂ ಬೆಲೆ ಇದೆ. ಕಂಪನಿ ಬಿಟ್ಟ ಮೇಲೂ ಆ ಫೈಲ್ ನಮ್ಮ ಜೊತೆಗೇ ಬರುತ್ತದೆ. ಹೊಸ ಪ್ರಾಜೆಕ್ಟ್ ಆದಾಗಲೆಲ್ಲ ಮೇಲೆ ಇನ್ನೊಂದು ಪಟ್ಟಿ ಸೇರಿಸುತ್ತೇವೆ. 15 ವರ್ಷಕ್ಕೆ ಏಳು ಪುಟ ಆಗುವುದು ಹೀಗೆ.

ಇನ್ನು ಒಂದು ಪುಟದ್ದು. ಅಮೆರಿಕದಲ್ಲಿರುವ ಅವರ ನೆಂಟರೊಬ್ಬರು "ಒಂದು ಪುಟ ದಾಟಿದರೆ ಯಾರೂ ಓದಲ್ಲ" ಅಂದಿದ್ದರಂತೆ. ಈ ಮಾತು ಕೆಲವು ಕಡೆ ನಿಜ. ಕ್ಯಾಂಪಸ್‌ನಿಂದ ಆಗತಾನೇ ಹೊರಬಂದವರಿಗೆ ಒಂದು ಪುಟ ಸಾಕು. ಕನ್ಸಲ್ಟಿಂಗ್ ಮತ್ತು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕಂಪನಿಗಳಲ್ಲಿ ಅನುಭವ ಇದ್ದವರೂ ಒಂದೇ ಪುಟ ಕಳಿಸುವ ರೂಢಿ ಇದೆ. ಆದರೆ ಅದೇ ಅಮೆರಿಕದಲ್ಲಿ 2025ರಿಂದ ಕೇಂದ್ರ ಸರ್ಕಾರದ ಕೆಲಸಗಳಿಗೆ ಇಟ್ಟಿರುವ ಮಿತಿ ಎರಡು ಪುಟ. ಹಾಗಾಗಿ ಒಂದು ಪುಟ ಅನ್ನುವುದು ಆ ದೇಶದ ಕಾನೂನೇನೂ ಅಲ್ಲ.

ಅವರು ಏಳು ಪುಟವನ್ನು ಒಂದಕ್ಕೆ ಇಳಿಸಿದ ರೀತಿ ನೋಡಿ ನನಗೆ ಸಂಕಟವಾಯಿತು. ಅಕ್ಷರ 8.5 ಪಾಯಿಂಟ್‌ಗೆ ಇಳಿದಿತ್ತು. ಸುತ್ತ ಮಾರ್ಜಿನ್ 1 ಸೆಂಟಿಮೀಟರ್. ಅಷ್ಟು ಮಾಡಿದರೂ ಜಾಗ ಸಾಲದೆ, ಎಲ್ಲ ಅಂಕಿಗಳನ್ನೂ ತೆಗೆದುಹಾಕಿದ್ದರು. ಏಳು ಪುಟದಲ್ಲಿ "22 ಜನರ ತಂಡ, ಇಬ್ಬರು ಲೀಡ್‌ಗಳು" ಅಂತ ಇದ್ದದ್ದು ಇಲ್ಲಿ "ತಂಡ ಮುನ್ನಡೆಸಿದ ಅನುಭವ" ಆಗಿತ್ತು. "ರಿಗ್ರೆಷನ್ ಟೆಸ್ಟಿಂಗ್ 9 ದಿನದಿಂದ 2 ದಿನಕ್ಕೆ ಇಳಿಯಿತು" ಅನ್ನುವ ಸಾಲು "ಆಟೊಮೇಷನ್‌ನಲ್ಲಿ ಪರಿಣತಿ" ಆಗಿತ್ತು. 15 ವರ್ಷ ದುಡಿದವರ ರೆಸ್ಯೂಮ್ ಈಗ 5 ವರ್ಷದವರ ರೆಸ್ಯೂಮ್ ಥರ ಕಾಣುತ್ತಿತ್ತು. ಏಳು ಪುಟದಲ್ಲಿ ಅವರ ಕೆಲಸ ಹೂತುಹೋಗಿತ್ತು. ಒಂದು ಪುಟದಲ್ಲಿ ಅದು ಇರಲೇ ಇಲ್ಲ.

ರೆಸ್ಯೂಮ್ ಯಾರು ಓದುತ್ತಾರೆ ಅನ್ನುವುದನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಪುಟದ ಪ್ರಶ್ನೆ ಅದಕ್ಕೇ ಸೇರಿದ್ದು. ನೀವು ಒಂದು ಅಂಕಿ ಕೇಳಿರಬಹುದು. ಲ್ಯಾಡರ್ಸ್ ಅನ್ನುವ ಅಮೆರಿಕದ ಉದ್ಯೋಗ ಸಂಸ್ಥೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನೇಮಕ ಮಾಡುವವರು ಮೊದಲ ನೋಟಕ್ಕೆ ಸರಾಸರಿ 7.4 ಸೆಕೆಂಡ್ ಕೊಡುತ್ತಾರೆ ಅಂತ ಅದರಲ್ಲಿತ್ತು. ಇದನ್ನು ಕೇಳಿದವರು "ಅಯ್ಯೋ, ಹಾಗಾದರೆ ಎರಡನೇ ಪುಟ ಯಾಕೆ?" ಅನ್ನುತ್ತಾರೆ. ಆದರೆ ಅದು ಮೊದಲ ನೋಟದ ಮಾತು. ಆ ನೋಟದಲ್ಲಿ, ನೇಮಕದ ಕೆಲಸ ಮಾಡುವ ನಾನು ತೀರ್ಮಾನ ಮಾಡುವುದು ಇಷ್ಟೇ: ಇದನ್ನು ಕೂತು ಓದಬೇಕೋ, ಬೇಡವೋ. ಓದಬೇಕು ಅನಿಸಿದರೆ ನಿಧಾನಕ್ಕೆ ಓದುತ್ತೇನೆ. ಆಮೇಲೆ ಅದು ಆ ತಂಡದ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಅವರು ನನಗಿಂತ ಜಾಸ್ತಿ ಹೊತ್ತು ನೋಡುತ್ತಾರೆ. ಕೊನೆಗೆ ಇಂಟರ್‌ವ್ಯೂ ಮಾಡುವವರ ಕೈಗೆ ಬರುತ್ತದೆ. ಅವರಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ನಿಮ್ಮ ಜೊತೆ ಮಾತಾಡಬೇಕು. ಪ್ರಶ್ನೆ ಕೇಳಲು ಅವರಿಗೆ ಸಾಮಗ್ರಿ ಬೇಕು. ಒಂದನೇ ಪುಟ ನನ್ನಂಥವರಿಗೆ, ಎರಡನೇ ಪುಟ ಹೆಚ್ಚಾಗಿ ಅವರಿಗೆ. 15 ವರ್ಷದವರ ಇಂಟರ್‌ವ್ಯೂನಲ್ಲಿ "ಆ ಹಳೆಯ ಕಂಪನಿಯಲ್ಲಿ ಇದನ್ನು ಹೇಗೆ ಮಾಡಿದಿರಿ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದು ಎರಡನೇ ಪುಟದಿಂದ ಬರುವ ಪ್ರಶ್ನೆ.

ಸಾಫ್ಟ್‌ವೇರ್‌ಗೆ ಹೆದರಿ ಪುಟ ಕಡಿಮೆ ಮಾಡುವವರೂ ಇದ್ದಾರೆ. ಅರ್ಜಿಗಳನ್ನು ಸೋಸುವ ಸಾಫ್ಟ್‌ವೇರ್ ಫೈಲ್‌ನಿಂದ ಪಠ್ಯವನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಒಂದು ಪುಟವೋ ಎರಡೋ ಅನ್ನುವುದು ಲೆಕ್ಕಕ್ಕಿಲ್ಲ. ಅದನ್ನು ಗೊಂದಲಕ್ಕೆ ಹಾಕುವುದು ಎರಡು ಕಾಲಂ, ಟೆಕ್ಸ್ಟ್ ಬಾಕ್ಸ್, ಟೇಬಲ್ ಇಂಥವು. ಬೇಜಾರಿನ ವಿಷಯ ಅಂದರೆ, ಒಂದೇ ಪುಟದಲ್ಲಿ ತುರುಕಬೇಕು ಅಂತ ಹೊರಟವರೇ ಈ ಕಾಲಂಗಳನ್ನು ಮಾಡುವುದು. ನಿಮ್ಮ ಪಿಡಿಎಫ್ ತೆರೆದು, ಎಲ್ಲವನ್ನೂ ಕಾಪಿ ಮಾಡಿ, Notepadನಲ್ಲಿ ಪೇಸ್ಟ್ ಮಾಡಿ ನೋಡಿ. ಕ್ರಮ ತಪ್ಪದೆ ಓದಲು ಬಂದರೆ ಹೆಚ್ಚು ಯೋಚನೆ ಬೇಡ.

ಈಗ ಲೆಕ್ಕಕ್ಕೆ ಬರೋಣ. ಎ4 ಹಾಳೆಯ ಎತ್ತರ 297 ಮಿಲಿಮೀಟರ್. ಮೇಲೆ ಕೆಳಗೆ 2 ಸೆಂಟಿಮೀಟರ್ ಬಿಟ್ಟರೆ 257 ಉಳಿಯುತ್ತದೆ. 10.5 ಪಾಯಿಂಟ್ ಅಕ್ಷರಕ್ಕೆ, ಸಾಲಿನ ನಡುವೆ ಸ್ವಲ್ಪ ಉಸಿರಾಡುವ ಜಾಗ ಕೊಟ್ಟರೆ, ಒಂದು ಸಾಲಿಗೆ 5 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಬೇಕು. ಪ್ಯಾರಾಗಳ ನಡುವಿನ ಜಾಗವನ್ನೂ ಕಳೆದರೆ ಒಂದು ಪುಟಕ್ಕೆ ಸುಮಾರು 45 ಸಾಲು. ಈ 45 ಅನ್ನುವುದನ್ನು ನೆನಪಿಟ್ಟುಕೊಳ್ಳಿ. 10 ಪಾಯಿಂಟ್‌ಗಿಂತ ಕೆಳಗೆ ಇಳಿಸಿ ಇದನ್ನು 55 ಮಾಡಲು ಹೋಗಬೇಡಿ. ಲ್ಯಾಪ್‌ಟಾಪ್ ಪರದೆಯ ಅರ್ಧದಲ್ಲಿ ರೆಸ್ಯೂಮ್ ತೆರೆದಿಟ್ಟುಕೊಂಡು ಓದುವವರಿಗೆ ಅದು ಕಾಣುವುದೇ ಇಲ್ಲ.

ಆ ಹೆಣ್ಣುಮಗಳ ಏಳು ಪುಟದಲ್ಲಿ ಒಟ್ಟು 308 ಸಾಲು ಇದ್ದವು. ಇಬ್ಬರೂ ಕೂತು ಎಣಿಸಿದೆವು. ಒಂಬತ್ತು ಪ್ರಾಜೆಕ್ಟ್, ಒಂದೊಂದಕ್ಕೆ 24 ಸಾಲಿನಂತೆ 216. ಮೇಲಿನ ಸಾರಾಂಶ 20. ಟೂಲ್‌ಗಳ ಪಟ್ಟಿ 30. ಓದು 12, ಟ್ರೈನಿಂಗ್ ಮತ್ತು ಬಹುಮಾನ 14. ಕೊನೆಗೆ ತಂದೆಯ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಗೊತ್ತಿರುವ ಭಾಷೆ, "ಮೇಲಿನ ವಿವರಗಳೆಲ್ಲ ಸತ್ಯ" ಅನ್ನುವ ಡಿಕ್ಲರೇಷನ್, ಸ್ಥಳ, ದಿನಾಂಕ, ಸಹಿ, ಎಲ್ಲ ಸೇರಿ 16. ಈ ಕೊನೆಯ 16 ಸಾಲು ಹಿಂದಿನ ಬಯೋಡೇಟಾ ಕಾಲದ್ದು. ಖಾಸಗಿ ಕಂಪನಿಗೆ ಅರ್ಜಿ ಹಾಕುವಾಗ ಯಾವುದೂ ಬೇಡ. ಪಾಸ್‌ಪೋರ್ಟ್ ನಂಬರ್ ಅಂತೂ ಹಾಕಲೇಬೇಡಿ, ಆ ಫೈಲ್ ಎಷ್ಟು ಜನರ ಕೈ ದಾಟುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ನೋಟಿಸ್ ಪೀರಿಯಡ್, ಈಗಿನ ಸಂಬಳ ಇವನ್ನೂ ಬಿಡಬಹುದು. ನೌಕ್ರಿಯಂಥ ಪೋರ್ಟಲ್‌ನಲ್ಲಿ ರೆಸ್ಯೂಮ್ ತೆರೆಯುವ ಮೊದಲೇ ನಮಗೆ ಅವು ಪ್ರೊಫೈಲ್‌ನಲ್ಲಿ ಕಾಣುತ್ತವೆ.

ಆಮೇಲೆ ಆ ಹುದ್ದೆಯ ಜಾಹೀರಾತು ತೆಗೆದೆವು. ಒಂದೂವರೆ ಪುಟ ಇತ್ತು. ಅದನ್ನು ಎರಡು ಸಲ ಓದಿದರೆ ಅವರು ನಿಜವಾಗಿ ಕೇಳುತ್ತಿದ್ದದ್ದು ನಾಲ್ಕೇ ವಿಷಯ. 20 ಜನರ ತಂಡ ನಡೆಸಿರಬೇಕು. ಕೈಯಿಂದ ಮಾಡುವ ಟೆಸ್ಟಿಂಗನ್ನು ಆಟೊಮೇಷನ್‌ಗೆ ಬದಲಾಯಿಸಿರಬೇಕು. ರಿಲೀಸ್ ಆಗಬಹುದೋ ಬೇಡವೋ ಅಂತ ಹೇಳುವ ಹೊಣೆ ಹೊತ್ತಿರಬೇಕು. ಬೇರೆ ದೇಶದ ತಂಡದ ಜೊತೆ ಕೆಲಸ ಮಾಡಿರಬೇಕು. ಈ ನಾಲ್ಕಕ್ಕೆ 1, 2, 3, 4 ಅಂತ ನಂಬರ್ ಕೊಟ್ಟೆವು. ಏಳು ಪುಟವನ್ನು ಪ್ರಿಂಟ್ ತೆಗೆದು, ಒಂದೊಂದೇ ಸಾಲು ಓದುತ್ತಾ, ಈ ನಾಲ್ಕರಲ್ಲಿ ಯಾವುದಕ್ಕಾದರೂ ಅದು ಪುರಾವೆ ಆಗುತ್ತಿದ್ದರೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ಆ ನಂಬರ್ ಬರೆಯಲು ಹೇಳಿದೆ. ಆಗದಿದ್ದರೆ ಖಾಲಿ ಬಿಡಬೇಕು.

ಪುರಾವೆ ಅಂದರೆ ಏನು ಅಂತ ಸ್ವಲ್ಪ ವಿವರಿಸಬೇಕು. "ಟೆಸ್ಟ್ ಕೇಸ್ ಬರೆದೆ, ಡಿಫೆಕ್ಟ್ ಲಾಗ್ ಮಾಡಿದೆ, ದಿನದ ಸ್ಟೇಟಸ್ ಮೀಟಿಂಗ್‌ಗೆ ಹೋದೆ" ಅನ್ನುವುದು ಪುರಾವೆ ಅಲ್ಲ, ಎಲ್ಲ ಟೆಸ್ಟರ್‌ಗಳೂ ಮಾಡುವ ಕೆಲಸ. ಅವರ ಒಂಬತ್ತು ಪ್ರಾಜೆಕ್ಟ್‌ನಲ್ಲಿ ಎಂಟರಲ್ಲಿ ಈ ಮೂರೂ ಸಾಲು ಇದ್ದವು. "ಈ ಬ್ಯಾಂಕ್ ಇಷ್ಟು ದೇಶಗಳಲ್ಲಿ ಶಾಖೆ ಹೊಂದಿದೆ" ಅನ್ನುವ ಕ್ಲೈಂಟ್ ವಿವರವೂ ಪುರಾವೆ ಅಲ್ಲ, ಅದು ಬ್ಯಾಂಕಿನ ಕಥೆ. ನೀವು ಅಲ್ಲಿ ಇಲ್ಲದೇ ಹೋಗಿದ್ದರೆ ಯಾವುದು ಆಗುತ್ತಿರಲಿಲ್ಲವೋ, ಅಥವಾ ಬೇರೆ ಥರ ಆಗುತ್ತಿತ್ತೋ, ಆ ಸಾಲು ಪುರಾವೆ.

308ರಲ್ಲಿ 61 ಸಾಲಿಗೆ ನಂಬರ್ ಬಿತ್ತು. ಅವರ ಮುಖ ಸಪ್ಪಗಾಯಿತು. ಆದರೆ 61 ಕಡಿಮೆ ಅಲ್ಲ. ಒಂದೇ ವಿಷಯವನ್ನು ಎರಡು ಮೂರು ಕಡೆ ಹೇಳಿದ್ದನ್ನು ಕೂಡಿಸಿದಾಗ 34 ಸಾಲು ಉಳಿದವು. ಎಲ್ಲವೂ ಗಟ್ಟಿ ಸಾಲು.

ಇದರ ಜೊತೆಗೆ ಯಾವ ರೆಸ್ಯೂಮ್‌ಗಾದರೂ ಬೇಕೇ ಬೇಕಾದ ಸಾಲುಗಳಿವೆ. ಹೆಸರು, ಫೋನ್, ಇಮೇಲ್ ಸೇರಿ 2. ಸಾರಾಂಶ 4. ಟೂಲ್ ಮತ್ತು ಕೌಶಲ 4. ಮೂರು ಕಂಪನಿಗಳಲ್ಲಿ ಅವರಿಗೆ ಐದು ಹುದ್ದೆ ಆಗಿದ್ದವು, ಒಂದಕ್ಕೆ 2 ಸಾಲಿನಂತೆ 10. ಸರ್ಟಿಫಿಕೇಟ್ ಮತ್ತು ಬಹುಮಾನ 4. ಓದು 3, ಅದರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳಿಲ್ಲ. ಐದು ತಲೆಬರಹ, ಅವುಗಳ ಮೇಲಿನ ಜಾಗ ಸೇರಿ 10. ಒಟ್ಟು 37. ಇದಕ್ಕೆ 34 ಪುರಾವೆ ಕೂಡಿದರೆ 71. ಒಂದು ಪುಟಕ್ಕೆ 45 ಹೋದರೆ ಎರಡನೇ ಪುಟಕ್ಕೆ 26 ಉಳಿಯುತ್ತದೆ. ಅಂದರೆ ಅರ್ಧ ಪುಟಕ್ಕಿಂತ ಜಾಸ್ತಿ.

ಇದನ್ನೇ ಒಂದು ಪುಟಕ್ಕೆ ಇಳಿಸಿದ್ದರೆ? ಆ 37 ಸಾಲನ್ನು ಎಷ್ಟು ಬಿಗಿ ಮಾಡಿದರೂ 30ರ ಹತ್ತಿರ ನಿಲ್ಲುತ್ತದೆ. ಪುರಾವೆಗೆ ಉಳಿಯುವುದು 15 ಸಾಲು. 34ರಲ್ಲಿ 19 ಸಾಲು ಬಿಸಾಡಬೇಕು. ಬಿಸಾಡುವ 19 ಸುಮ್ನೆ ತುಂಬಿಸಿದ ಸಾಲುಗಳಾಗಿದ್ದರೆ ನಾನೇ ಒಂದು ಪುಟ ಮಾಡಿ ಅನ್ನುತ್ತಿದ್ದೆ. ಆದರೆ ಅವು ಜಾಹೀರಾತು ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಸಾಲುಗಳು. ಆದ್ದರಿಂದ ಎರಡು ಪುಟ ಅಂತ ತೀರ್ಮಾನ ಮಾಡಿದೆವು.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಎರಡನೇ ಪುಟ ಅರ್ಧಕ್ಕಿಂತ ಜಾಸ್ತಿ ತುಂಬಿದರೆ ಎರಡು ಪುಟವೇ ಇರಲಿ. ಮೂರನೇ ಒಂದು ಭಾಗ, ಅಂದರೆ 15 ಸಾಲಿಗಿಂತ ಕಡಿಮೆ ಇದ್ದರೆ, ಒಂದೇ ಪುಟಕ್ಕೆ ತನ್ನಿ. ನಡುವೆ ಬಂದರೆ ಎರಡನೇ ಪುಟದಲ್ಲಿ ಏನಿದೆ ಅಂತ ನೋಡಿ. ಪುರಾವೆ ಇದ್ದರೆ ಉಳಿಸಿ, ಬರೀ ಓದು ಮತ್ತು ಸರ್ಟಿಫಿಕೇಟ್ ಇದ್ದರೆ ಮೇಲಕ್ಕೆ ಸೇರಿಸಿ.

ಇದು ಎಲ್ಲ 15 ವರ್ಷದವರಿಗೂ ಎರಡು ಪುಟ ಅಂತ ಅಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಒಬ್ಬರು ಬಂದಿದ್ದರು. ಅವರದ್ದೂ 15 ವರ್ಷ, ಆದರೆ ಒಂದೇ ಕಂಪನಿ, ಒಂದೇ ಥರದ ಸಿಎನ್‌ಸಿ ಯಂತ್ರಗಳು. ಹುದ್ದೆ ಮಾತ್ರ ಮೂರು ಸಲ ಏರಿತ್ತು. ಅವರದ್ದನ್ನು ಇದೇ ರೀತಿ ಎಣಿಸಿದಾಗ 52 ಸಾಲು ಬಂತು. ಎರಡನೇ ಪುಟದಲ್ಲಿ 7 ಸಾಲು, ಕೆಳಗೆಲ್ಲ ಬಿಳಿ ಹಾಳೆ. ಅದು ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ. ಕಂಪನಿ ಒಂದೇ ಆದ್ದರಿಂದ ಹುದ್ದೆಗಳನ್ನೆಲ್ಲ ಒಂದೇ ತಲೆಬರಹದ ಕೆಳಗೆ ತಂದೆವು, 4 ಸಾಲು ಉಳಿಯಿತು. ಐದು ಸಾಲಿನ ಟ್ರೈನಿಂಗ್ ಪಟ್ಟಿಯನ್ನು ಎರಡಕ್ಕೆ ಇಳಿಸಿದೆವು. ಸಾರಾಂಶದಲ್ಲಿ ಎರಡು ಸಾಲು ತೆಗೆದೆವು. 43 ಸಾಲು, ಒಂದು ಪುಟ. ಏನೂ ಕಳೆದುಕೊಳ್ಳಲಿಲ್ಲ, ಯಾಕೆಂದರೆ ಅವರ ಅನುಭವ ಆಳವಾಗಿತ್ತು, ಅಗಲವಾಗಿರಲಿಲ್ಲ. ಬೇರೆ ಬೇರೆ ಥರದ ಕೆಲಸ ಮಾಡಿದವರಿಗೆ ಜಾಗ ಬೇಕು. ಒಂದೇ ಕೆಲಸವನ್ನು ಚೆನ್ನಾಗಿ ಮಾಡಿದವರಿಗೆ ಅಷ್ಟು ಬೇಡ.

ಮತ್ತೆ ಆ ಹೆಣ್ಣುಮಗಳ ರೆಸ್ಯೂಮ್‌ಗೆ ಬರುತ್ತೇನೆ. ಎರಡು ಪುಟ ಅಂತ ಆದ ಮೇಲೆ ಪುಟ ಎಲ್ಲಿ ಮುರಿಯಬೇಕು ಅನ್ನುವುದು ಮುಖ್ಯ. ಇದನ್ನು ವರ್ಡ್‌ಗೆ ಬಿಟ್ಟರೆ ಅದು ಎಲ್ಲಿ ಬೇಕೋ ಅಲ್ಲಿ ಮುರಿಯುತ್ತದೆ. ನಮ್ಮ ನಿಯಮ ಒಂದೇ: ಎರಡನೇ ಪುಟ ಕಳೆದುಹೋದರೂ ಒಂದನೇ ಪುಟ ನೋಡಿ ಅವರನ್ನು ಇಂಟರ್‌ವ್ಯೂಗೆ ಕರೆಯುವಂತಿರಬೇಕು. ಹಾಗಾಗಿ ಹೆಸರು, ಸಾರಾಂಶ, ಕೌಶಲ ಇವಕ್ಕೆ, ಅನುಭವದ ತಲೆಬರಹವೂ ಸೇರಿ ಮೂರು ತಲೆಬರಹದ ಜೊತೆ, 16 ಸಾಲು. ಈಗಿನ ಪ್ರಾಡಕ್ಟ್ ಕಂಪನಿಯ ಎರಡು ಹುದ್ದೆಗೆ 4, ಅಲ್ಲಿನ ಪುರಾವೆಗೆ 20. ಒಟ್ಟು 40ಕ್ಕೆ ಒಂದನೇ ಪುಟ ನಿಂತಿತು. ಹಿಂದಿನ ಎರಡು ಕಂಪನಿ, ಸರ್ಟಿಫಿಕೇಟ್, ಓದು ಎಲ್ಲ 31 ಸಾಲು ಎರಡನೇ ಪುಟಕ್ಕೆ. 22 ಜನರ ತಂಡ, 9 ದಿನ 2 ದಿನ ಆದದ್ದು, ರಿಲೀಸ್ ಹೊಣೆ ಮೂರೂ ಒಂದನೇ ಪುಟದಲ್ಲೇ ಬಂದವು.

ಒಂದನೇ ಪುಟದ ಕೆಳಗೆ ನಾಲ್ಕೈದು ಸಾಲಿನ ಜಾಗ ಬಿಟ್ಟದ್ದು ಬೇಕಂತಲೇ. ಅಮೆರಿಕದವರು ಬಳಸುವ ಲೆಟರ್ ಹಾಳೆಯ ಎತ್ತರ 279 ಮಿಲಿಮೀಟರ್. ಎ4ಗಿಂತ 18 ಮಿಲಿಮೀಟರ್ ಗಿಡ್ಡ. ವರ್ಡ್ ಫೈಲನ್ನು ಅಲ್ಲಿ ಯಾರಾದರೂ ಆ ಹಾಳೆಗೆ ಬದಲಾಯಿಸಿದರೆ ಪುಟಕ್ಕೆ ಮೂರು ನಾಲ್ಕು ಸಾಲು ಕೆಳಗೆ ಜಾರುತ್ತದೆ. ತುಂಬಿ ತುಳುಕುವ ಎರಡು ಪುಟ ಇದ್ದರೆ ಮೂರನೇ ಪುಟ ಹುಟ್ಟುತ್ತದೆ. ಓದುವವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಇದೇ ಗತಿ. ಅದಕ್ಕೇ ಪಿಡಿಎಫ್ ಕಳಿಸಿ ಅನ್ನುವುದು. ಕನ್ಸಲ್ಟೆನ್ಸಿಯವರು ವರ್ಡ್ ಫೈಲೇ ಬೇಕು ಅಂದರೆ ಎಲ್ಲ ಕಡೆ ಇರುವ ಫಾಂಟ್ ಬಳಸಿ. ಹುದ್ದೆಯ ಹೆಸರು ಒಂದು ಪುಟದ ಕೊನೆಯಲ್ಲೂ ಅದರ ವಿವರ ಮುಂದಿನ ಪುಟದಲ್ಲೂ ಬೀಳದ ಹಾಗೆ ಆ ಸಾಲಿಗೆ Keep with next ಆಯ್ಕೆ ಹಾಕಿ. ಎರಡನೇ ಪುಟದ ಮೇಲೆ ಹೆಸರು ಮತ್ತು ಪುಟದ ಸಂಖ್ಯೆ ಇರಲಿ. ಆದರೆ ಫೋನ್, ಇಮೇಲ್ ಮಾತ್ರ ಹೆಡರ್‌ನಲ್ಲಿ ಇಡಬೇಡಿ. ಕೆಲವು ಸಾಫ್ಟ್‌ವೇರ್‌ಗಳು ಹೆಡರ್ ಓದುವುದಿಲ್ಲ.

ಅವರ ಏಳು ಪುಟದ ಫೈಲನ್ನು ಅಳಿಸಬೇಡಿ ಅಂದೆ. ಮುಂದಿನ ಜಾಹೀರಾತಿನಲ್ಲಿ ನಾಲ್ಕು ಬೇರೆ ವಿಷಯ ಕೇಳಿದರೆ ಪೆನ್ಸಿಲ್ ಹಿಡಿದು ಕೂರಬೇಕಾದದ್ದು ಅದರ ಮುಂದೆಯೇ. ಅದು ಮನೆಯಲ್ಲಿರುವ ಉಗ್ರಾಣ. ಹೊರಗೆ ಕಳಿಸುವುದು ಅದರಿಂದ ಅಳೆದು ತೆಗೆದದ್ದು ಮಾತ್ರ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಸರ್, ಜಾಗ ಉಳಿಸೋಕೆ ಮೊದಲ ಎರಡು ಕಂಪನಿ ಹೆಸರೇ ತೆಗೆದುಬಿಡಬಹುದಾ? 12 ವರ್ಷದ ಹಿಂದಿನ ಕೆಲಸ ಯಾರಿಗೆ ಬೇಕು?"

ವಿವರ ತೆಗೆಯಿರಿ, ಹೆಸರು ತೆಗೆಯಬೇಡಿ ಅಂದೆ. ಆಫರ್ ಕೊಟ್ಟ ಮೇಲೆ ಇಲ್ಲಿ ಹೆಚ್ಚಿನ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಪಿಎಫ್ ದಾಖಲೆಯಲ್ಲಿ ನೀವು ಎಲ್ಲಿ ಎಲ್ಲಿ ಕೆಲಸ ಮಾಡಿದ್ದೀರಿ ಅನ್ನುವುದು ಇರುತ್ತದೆ. ರೆಸ್ಯೂಮ್‌ನಲ್ಲಿ ಇಲ್ಲದ ಕಂಪನಿ ಅಲ್ಲಿ ಕಂಡರೆ, ನೀವು ಏನೋ ಮುಚ್ಚಿಟ್ಟಿದ್ದೀರಿ ಅನ್ನುವ ಅನುಮಾನಕ್ಕೆ ಸುಮ್ನೆ ದಾರಿ ಮಾಡಿಕೊಟ್ಟಂತೆ. ಕಂಪನಿ ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ತಿಂಗಳು, ಇಷ್ಟು ಒಂದೇ ಸಾಲಿನಲ್ಲಿ ಹಿಡಿಯುತ್ತದೆ. ಮಗು ನೋಡಿಕೊಳ್ಳಲು ಎರಡು ವರ್ಷ ಮನೆಯಲ್ಲಿದ್ದರೆ ಅದಕ್ಕೂ ಒಂದು ಸಾಲು ಕೊಡಿ. ಒಂದು ಸಾಲಿಗಿಂತ ಜಾಸ್ತಿ ಬೇಡ, ಸಮಜಾಯಿಷಿ ಬೇಡವೇ ಬೇಡ.

ಇನ್ನೊಬ್ಬರು ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವವರು. "ನಂದು 15 ವರ್ಷದಲ್ಲಿ 11 ಕ್ಲೈಂಟ್. ನೀವು ಹೇಳಿದ ಹಾಗೆ ಎಣಿಸಿದರೂ ಮೂರು ಪುಟ ಆಗುತ್ತೆ. ಏನು ಮಾಡಲಿ?" ಅಂದರು.

ಅವರದ್ದು ನಿಜವಾದ ತೊಂದರೆ. ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಕ್ಲೈಂಟ್‌ಗೆ ಪ್ರಾಜೆಕ್ಟ್ ವಿವರ ಬೇಕೇ ಬೇಕು. ಅವರಿಗೆ ನಾನು ಹೇಳಿದ್ದು ಎರಡು ಫೈಲ್ ಮಾಡಿ ಅಂತ. ಒಂದು ಎರಡು ಪುಟದ ರೆಸ್ಯೂಮ್, ಅದರಲ್ಲಿ ಇತ್ತೀಚಿನ ನಾಲ್ಕು ಕ್ಲೈಂಟ್‌ಗಳ ಪುರಾವೆ, ಉಳಿದ ಏಳಕ್ಕೆ ತಲಾ ಒಂದು ಸಾಲು. ಇನ್ನೊಂದು ಬೇರೆಯೇ ಆದ ಪ್ರಾಜೆಕ್ಟ್ ಪಟ್ಟಿ, ಅದು ನಾಲ್ಕು ಪುಟ ಆದರೂ ಪರವಾಗಿಲ್ಲ. ಮೊದಲು ರೆಸ್ಯೂಮ್ ಕಳಿಸಿ, ಇಮೇಲ್‌ನಲ್ಲಿ "ಪ್ರಾಜೆಕ್ಟ್ ಪಟ್ಟಿ ಸಿದ್ಧ ಇದೆ" ಅಂತ ಒಂದು ಸಾಲು ಬರೆಯಿರಿ. ಕೇಳಿದವರಿಗೆ ಮಾತ್ರ ಅದನ್ನು ಕಳಿಸಿ.